ಸಬ್ರ್ ಎಂದರೆ ಬೇಗನೆ ಮರೆಯುವುದಲ್ಲ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಸೋಮವಾರ ಮತ್ತು ಗುರುವಾರ ವ್ಯಾಪಾರದ ದಿನಗಳು. ನಾನು ಲೆಕ್ಕ ಬರೆಯುವ ದಲಾಲಿ ಅಂಗಡಿಯ ಹಿರಿಯ ಗುಮಾಸ್ತರು ಒಂದು ಭಾನುವಾರ ರಾತ್ರಿ ರಾಣೆಬೆನ್ನೂರಿನ ತಮ್ಮ ಮನೆಯಲ್ಲಿ ಎದೆನೋವು ಬಂದು ತೀರಿಕೊಂಡರು. ಮರುದಿನ ಬೆಳಿಗ್ಗೆ ಹಾವೇರಿಯಿಂದ ಹೊರಟಿದ್ದ ನನಗೆ ಫೋನಿನಲ್ಲಿ ಸುದ್ದಿ ಬಂತು. ಮೊದಲ ಮಾತು ಇನ್ನಾಲಿಲ್ಲಾಹ್. ಎರಡನೆಯ ಮಾತು, ಝುಹರ್ ನಂತರ ಜನಾಝಾ ಮುಗಿಸಿ, ಟೆಂಡರ್ ದರ ಪ್ರಕಟವಾಗುವುದರೊಳಗೆ ಎಲ್ಲರೂ ಅಂಗಡಿಗೆ ಮರಳಬೇಕು ಎಂಬುದು.

ಮರಳಿದೆವು. ಅವರ ಕೈಬರಹದ ಖಾತೆ ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಆ ಸಂಜೆ ಒಬ್ಬ ರೈತರ ಹನ್ನೆರಡು ಚೀಲಗಳ ತೂಕವನ್ನು ನಾನು ಇನ್ನೊಬ್ಬರ ಹೆಸರಿಗೆ ಬರೆದೆ. ಅದಕ್ಕಾಗಿ ಬೈಗುಳ ತಿಂದೆ. ಗುರುವಾರ ಅವರ ಕುರ್ಚಿಯಲ್ಲಿ ಹೊಸ ಹುಡುಗನೊಬ್ಬ ಕುಳಿತಿದ್ದ. "ಸಾಹೇಬ್ರು ಎಲ್ಲಿ?" ಎಂದು ಅವರ ಹಳೆಯ ರೈತರು ಕೇಳುತ್ತಿದ್ದರು. ಹಮಾಲರಲ್ಲೊಬ್ಬ ಅಳುತ್ತಾ ಉತ್ತರ ಹೇಳಿದಾಗ ಮಾಲಕರು, "ಸಬ್ರ್ ಮಾಡಬೇಕು, ಅಲ್ಲಾಹನ ತೀರ್ಮಾನ, ಕೆಲಸ ನೋಡಿ" ಎಂದರು.

ನನ್ನ ತಕರಾರು ಈ ಮಾತಿನ ಬಗ್ಗೆಯೇ. ವ್ಯಾಪಾರದ ಅವಸರಕ್ಕೆ ಧರ್ಮದ ಹೆಸರಿಡುವುದು ಸರಿಯಲ್ಲ. ಸಬ್ರ್ ದುಃಖಿತನ ನಾಲಗೆಗೂ ಕೈಗೂ ಹಾಕಿದ ಅಂಕೆ. ಅವನು ಎದೆ ಬಡಿದುಕೊಳ್ಳಬಾರದು, ಬಟ್ಟೆ ಹರಿದುಕೊಳ್ಳಬಾರದು, ಅಲ್ಲಾಹನನ್ನು ದೂರಬಾರದು. ಕಣ್ಣೀರಿಗೆ ಮತ್ತು ಹೃದಯದ ನೋವಿಗೆ ಅದು ತಡೆಯಲ್ಲ. ಪುತ್ರ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿ(ಸ)ರು ಅತ್ತರು. ಅದು ಕರುಣೆಯೆಂದೂ ವಿವರಿಸಿದರು. ಪುತ್ರ ಯೂಸುಫರ ಅಗಲಿಕೆಯಿಂದ ಯಾಕೂಬ್(ಅ)ರ ಕಣ್ಣುಗಳು ಬೆಳ್ಳಗಾದವೆಂದು ಕುರ್‌ಆನ್ ಹೇಳುತ್ತದೆ. ಆದರೂ ಅವರು ಸಹನಶೀಲರೇ.

ಕೆಲಸದ ಒಡನಾಡಿಯ ಸಾವಿಗೆ ನಮಗಿರುವ ಉತ್ತಮ ಮಾದರಿ ಮುಅ್ತಾ ಯುದ್ಧ. ಹಿಜರಿ 8ರಲ್ಲಿ, ಅಂದರೆ ಕ್ರಿ.ಶ. 629ರಲ್ಲಿ, ಝೈದ್, ಜಅ್‌ಫರ್ ಮತ್ತು ಅಬ್ದುಲ್ಲಾ ಬಿನ್ ರವಾಹಾ(ರ) ಎಂಬ ಮೂವರು ದಂಡನಾಯಕರು ಒಬ್ಬರ ಹಿಂದೆ ಒಬ್ಬರಂತೆ ಹುತಾತ್ಮರಾದರು. ಆಗ ಖಾಲಿದ್(ರ)ರು ಧ್ವಜವನ್ನು ಎತ್ತಿಹಿಡಿದರು. "ನೋಡಿ, ಕೆಲಸ ನಿಲ್ಲಲಿಲ್ಲವಲ್ಲ" ಎಂದು ಯಾರಾದರೂ ವಾದಿಸಬಹುದು. ಹೌದು, ನಿಲ್ಲಲಿಲ್ಲ. ಅಲ್ಲಿ ಕ್ಷಣ ತಡವಾದರೂ ಸಾವಿರಾರು ಪ್ರಾಣಗಳು ಹೋಗುತ್ತಿದ್ದವು. ಆದರೆ ಮದೀನಾದಲ್ಲಿ ಏನಾಯಿತು? ಸುದ್ದಿ ಹೇಳುವಾಗಲೇ ಪ್ರವಾದಿ(ಸ)ರ ಕಣ್ಣುಗಳು ತುಂಬಿ ಹರಿದವು. ಮುಖದಲ್ಲಿ ದುಃಖ ಎದ್ದುಕಾಣುವಂತೆ ಅವರು ಮಸೀದಿಯಲ್ಲಿ ಕುಳಿತರು. ಜಅ್‌ಫರ್‌ರ ಮನೆಯವರಿಗೆ ಅಡುಗೆ ಮಾಡುವ ಸ್ಥಿತಿ ಇಲ್ಲವೆಂದು, ಅವರಿಗೆ ಊಟ ಸಿದ್ಧಪಡಿಸಲು ಇತರರಿಗೆ ಹೇಳಿದರು. ಮೂರು ದಿನ ಆ ಮನೆಯನ್ನು ಅದರ ದುಃಖಕ್ಕೆ ಬಿಟ್ಟುಕೊಟ್ಟರು. ಬಳಿಕ ತಾವೇ ಹೋಗಿ, ಇನ್ನು ಅಳುವುದು ಸಾಕೆಂದರು. ಮಕ್ಕಳನ್ನು ಬಳಿಗೆ ಕರೆಸಿಕೊಂಡರು. ತಾಯಿಯು ಅವರ ಅನಾಥತನವನ್ನು ತೋಡಿಕೊಂಡಾಗ ಆ ಮಕ್ಕಳ ಹೊಣೆ ತಮ್ಮದೆಂದರು.

ಈ ಕ್ರಮವನ್ನು ಗಮನಿಸಿ. ಮೊದಲು ಕಣ್ಣೀರು, ನಂತರ ಊಟ, ನಂತರ ಮೂರು ದಿನಗಳ ಅವಕಾಶ, ಆಮೇಲೆ "ಸಾಕು" ಎಂಬ ಮಾತು, ಅದರ ಜೊತೆಗೇ ಕುಟುಂಬದ ಹೊಣೆ. ನಮ್ಮ ಮಾಲಕರು ಮೊದಲಿನ ಮೂರನ್ನೂ ಕೊನೆಯದನ್ನೂ ಬಿಟ್ಟು, "ಸಾಕು" ಎಂಬುದನ್ನು ಮಾತ್ರ ಎತ್ತಿಕೊಂಡರು. ಹೊಣೆ ಹೊತ್ತವನಿಗೆ ಆ ಮಾತನ್ನಾಡುವ ಅಧಿಕಾರವಿದೆ. ಟೆಂಡರ್ ದರಕ್ಕೆ ಕಾಯುತ್ತಿರುವವನಿಗಿಲ್ಲ.

ಮಾರುಕಟ್ಟೆಯನ್ನು ಮೂರು ದಿನ ಮುಚ್ಚಿರೆಂದು ನಾನು ಕೇಳುವುದಿಲ್ಲ. ದೂರದ ಹಳ್ಳಿಯಿಂದ ಮಾಲು ತಂದ ರೈತನನ್ನು ಕಾಯಿಸುವುದೂ ಅನ್ಯಾಯವೇ. ಆದರೆ ಪಕ್ಕದ ಅಂಗಡಿಯ ಇಬ್ಬರು ಗುಮಾಸ್ತರನ್ನು ಒಂದು ದಿನಕ್ಕೆ ಕೇಳಿ ಪಡೆಯಬಹುದಿತ್ತು. ದಫನದವರೆಗೆ ನಿಲ್ಲಬಯಸಿದವರನ್ನು, ಮುಸ್ಲಿಮೇತರ ಹಮಾಲರನ್ನೂ ಸೇರಿಸಿ, ನಿಲ್ಲಲು ಬಿಡಬಹುದಿತ್ತು. ಯಹೂದಿಯೊಬ್ಬರ ಶವಯಾತ್ರೆಗೆ ಎದ್ದುನಿಂತು, ಅದೂ ಒಂದು ಜೀವವಲ್ಲವೇ ಎಂದು ಕೇಳಿದವರು ನಮ್ಮ ಪ್ರವಾದಿ(ಸ). ರೈತರಿಗೆ ಸಾವಿನ ಸುದ್ದಿಯನ್ನು ಮಾಲಕರೇ ತಿಳಿಸಬಹುದಿತ್ತು. ಕುರ್ಚಿಯನ್ನು ಒಂದು ವಾರ ಖಾಲಿ ಬಿಡಬಹುದಿತ್ತು.

ಎಲ್ಲಕ್ಕಿಂತ ಮೊದಲು ಲೆಕ್ಕ ಚುಕ್ತಾ ಆಗಬೇಕಿತ್ತು. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಕಲಿತವರಿಗೆ, ಬೆವರು ಶಾಶ್ವತವಾಗಿ ಆರಿದವನ ಸಂಬಳ ಇನ್ನೂ ದೊಡ್ಡ ಸಾಲ. ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿಯಾದರೆ ಗ್ರಾಚ್ಯುಟಿಯೂ ವಾರಸುದಾರರ ಹಕ್ಕು. ಸೇವೆಯಲ್ಲಿದ್ದಾಗಲೇ ಮೃತಪಟ್ಟರೆ ಐದು ವರ್ಷ ಪೂರೈಸಬೇಕೆಂಬ ಷರತ್ತು ಕೂಡ ಅನ್ವಯಿಸುವುದಿಲ್ಲ. ಆ ಮನೆಯ ಮಹಿಳೆಯ ಇದ್ದತ್ ನಾಲ್ಕು ತಿಂಗಳು ಹತ್ತು ದಿನ. ಆಕೆ ಅಂಗಡಿಯ ಮೆಟ್ಟಿಲು ಹತ್ತಿ ಕೇಳಲೆಂದು ಕಾಯಬೇಡಿ. ಹಣವೇ ಆ ಮನೆಗೆ ಹೋಗಲಿ.

ಮುಂದಿನ ಸಲ ಸಹೋದ್ಯೋಗಿಗೆ "ಸಬ್ರ್ ಮಾಡಿ" ಎನ್ನುವ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳೋಣ: ನಾವು ಒಂದು ದಿನದ ವ್ಯಾಪಾರಕ್ಕಾಗಿ ಸಬ್ರ್ ಮಾಡಬಲ್ಲೆವೇ? ಅಲ್ಲಾಹನು ಅಗಲಿದವರಿಗೆ ಮಗ್ಫಿರತ್ ಕರುಣಿಸಲಿ, ಉಳಿದವರಿಗೆ ಅವರ ಹಕ್ಕನ್ನು ಮುಟ್ಟಿಸುವ ತೌಫೀಕನ್ನು ನಮಗೆ ನೀಡಲಿ. ಆಮೀನ್.