ಮೊದಲೇ ಗೊತ್ತಿದ್ದ ಅನಿರೀಕ್ಷಿತ ದೋಷ

ಆನ್‌ಲೈನ್ ಸೇವೆ ಕೈಕೊಟ್ಟಾಗಲೆಲ್ಲ ನಮಗೆ ಸಿಗುವ ಸಮಜಾಯಿಷಿ ಒಂದೇ: ಅನಿರೀಕ್ಷಿತ ತಾಂತ್ರಿಕ ದೋಷ. ಜಾಲತಾಣದ ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದು ಬ್ರೌಸರ್ ಕೆಂಪು ಎಚ್ಚರಿಕೆ ಕೊಟ್ಟಾಗಲೂ ಅದೇ ಮಾತು. ಆ ಪತ್ರ ಯಾವ ದಿನ, ಎಷ್ಟು ಗಂಟೆಗೆ ಮುಗಿಯುತ್ತದೆ ಎಂಬುದು ಅದರಲ್ಲೇ ಬರೆದಿರುತ್ತದೆ. ಓದುವವರು ಮಾತ್ರ ಇರುವುದಿಲ್ಲ.

2018ರ ಡಿಸೆಂಬರ್ 6ರಂದು ಬ್ರಿಟನ್ನಿನ ಓ2 ಮೊಬೈಲ್ ಜಾಲದಲ್ಲಿ ಡೇಟಾ ನಿಂತುಹೋಯಿತು. ಎರಿಕ್ಸನ್ ಕಂಪನಿಯ ತಂತ್ರಾಂಶದೊಳಗಿದ್ದ ಒಂದು ಪ್ರಮಾಣಪತ್ರದ ಅವಧಿ ಮುಗಿದಿತ್ತು, ಅಷ್ಟೆ. ಅದೇ ಜಾಲ ಬಳಸುವ ಇತರ ಕಂಪನಿಗಳವರೂ ಸೇರಿ 3 ಕೋಟಿಗೂ ಹೆಚ್ಚು ಗ್ರಾಹಕರು ತೊಂದರೆಗೆ ಸಿಕ್ಕರು. ಲಂಡನ್ನಿನಲ್ಲಿ ಬಸ್ ಯಾವಾಗ ಬರುತ್ತದೆಂದು ತಿಳಿಸುವ ಫಲಕಗಳೂ ಕೆಟ್ಟು ನಿಂತವು. ನಮ್ಮೂರಿನ ಫಲಕಗಳಿಗೆ ಅಷ್ಟು ದೊಡ್ಡ ಕಾರಣವೂ ಬೇಕಿಲ್ಲ, ಬಿಡಿ.

ಪ್ರಮಾಣಪತ್ರ ನವೀಕರಿಸುವಂಥ ಕೆಲಸ ಮರೆಯದಿರಲೆಂದೇ ಐಟಿ ಕಚೇರಿಗಳಲ್ಲಿ ಟ್ರ್ಯಾಕರ್ ಇರುತ್ತದೆ. ಹೇಳಿದ ದಿನ ತಾನೇ ಟಿಕೆಟ್ ತೆರೆಯುವ ಸೌಲಭ್ಯವೂ ಅದರಲ್ಲಿದೆ. ಆದರೆ ಅದಕ್ಕೆ 'ವರ್ಷಕ್ಕೊಮ್ಮೆ' ಎಂದು ಹೇಳಿಟ್ಟು ಕೈತೊಳೆದುಕೊಂಡವರೇ ಹೆಚ್ಚು.

ಆ ಲೆಕ್ಕ ಇನ್ನು ನಡೆಯದು. ಸಾರ್ವಜನಿಕ ಜಾಲತಾಣಗಳ ಪ್ರಮಾಣಪತ್ರಕ್ಕೆ 398 ದಿನಗಳಿದ್ದ ಗರಿಷ್ಠ ಆಯುಸ್ಸು 2026ರ ಮಾರ್ಚ್ 15ರಿಂದ 200 ದಿನ; ಮರುವರ್ಷ 100, 2029ರ ಮಾರ್ಚ್‌ನಿಂದ 47. 2026ರ ಏಪ್ರಿಲ್ 1ರಂದು ಪಡೆದ ಪತ್ರ ಅಕ್ಟೋಬರ್ ಮಧ್ಯದಲ್ಲೇ ಮುಗಿಯುತ್ತದೆ. ವರ್ಷಕ್ಕೊಮ್ಮೆಯ ಟಿಕೆಟ್ ಏಳುವುದು ಮುಂದಿನ ವಸಂತದಲ್ಲಿ, ತಿಥಿಯೂಟಕ್ಕೆ.

ಆದ್ದರಿಂದ ಎಣಿಕೆ ಶುರುವಾಗಬೇಕಾದದ್ದು ಪತ್ರದ ಕೊನೆಯ ದಿನಾಂಕದಿಂದ, ಹಿಂದಕ್ಕೆ. ಅದಕ್ಕೆ 30 ದಿನ ಮುಂಚೆ ಟಿಕೆಟ್ ತೆರೆಯಲಿ. ಪ್ರತಿ ನವೀಕರಣದ ನಂತರ ಹೊಸ ದಿನಾಂಕ ಟ್ರ್ಯಾಕರಿಗೆ ಹೋಗಲಿ. ಪತ್ರದ ಆಯುಸ್ಸು 47 ದಿನಕ್ಕೆ ಇಳಿದ ಮೇಲೆ ನವೀಕರಣವನ್ನು ಯಂತ್ರಕ್ಕೇ ಬಿಡಬೇಕು. ಆಗ ಟಿಕೆಟ್ಟಿನ ಕೆಲಸ, ಯಂತ್ರ ಮಾಡಿತೇ ಎಂದು ನೋಡುವುದು. ಯಂತ್ರವೂ ರಜೆ ಹಾಕುತ್ತದೆ, ಅರ್ಜಿ ಕೊಡದೆ.

ಟಿಕೆಟ್ ಯಾರ ಹೆಸರಿಗೆ ಎಂಬುದು ಇನ್ನೊಂದು ತಮಾಷೆ. ಅದನ್ನು ಹಾಕಿದ ಎಂಜಿನಿಯರ್ ಬೇರೆ ಕಂಪನಿ ಸೇರಿರುತ್ತಾರೆ. ಜ್ಞಾಪನೆಗಳು ಮುಚ್ಚಿದ ಇಮೇಲಿಗೆ ನಿಷ್ಠೆಯಿಂದ ಹೋಗುತ್ತಿರುತ್ತವೆ. ಟಿಕೆಟ್ ವ್ಯಕ್ತಿಗಲ್ಲ, ಆ ವಾರದ ಆನ್‌-ಕಾಲ್ ಪಾಳಿಗೆ ಹೋಗಬೇಕು. ಪಾಳಿಯ ಪಟ್ಟಿಯೂ ಟ್ರ್ಯಾಕರಿನಲ್ಲೇ ಇರಬೇಕು. ದೀಪಾವಳಿಗೆ ಊರಿಗೆ ಹೋಗಲು ಇಬ್ಬರು ಬಾಯಿಮಾತಿನಲ್ಲಿ ಪಾಳಿ ಬದಲಿಸಿಕೊಂಡರೆ, ಕರೆ ಬರುವುದು ಬಸ್ಸಿನಲ್ಲಿ ನಿದ್ದೆಹೋದವರಿಗೆ.

ಕೊನೆಗೆ, 'ಮುಗಿದಿದೆ' ಎಂಬ ಗುರುತು. ಹೊಸ ಪತ್ರ ತಂದು ಸರ್ವರ್‌ನಲ್ಲಿ ಇಟ್ಟರೆ ಸಾಲದು. ಬಹಳಷ್ಟು ಸರ್ವರ್‌ಗಳು ರೀಲೋಡ್ ಮಾಡುವವರೆಗೂ ಹಳೆಯದನ್ನೇ ತೋರಿಸುತ್ತಿರುತ್ತವೆ. ಹೊರಗಿನ ಕಂಪ್ಯೂಟರಿನಿಂದ ತಾಣ ತೆರೆದು ಹೊಸ ದಿನಾಂಕ ಕಂಡ ಮೇಲಷ್ಟೇ ಟಿಕೆಟ್ ಮುಚ್ಚಬೇಕು. ಅನುಮಾನವಿದ್ದರೆ ನೀವೂ ನೋಡಬಹುದು: ಬ್ರೌಸರಿನಲ್ಲಿ ವಿಳಾಸದ ಪಕ್ಕದ ಗುರುತನ್ನು ಒತ್ತಿ ಪ್ರಮಾಣಪತ್ರದ ವಿವರ ತೆರೆದರೆ ಸಾಕು. ಅದಕ್ಕೆ ಪಾಸ್‌ವರ್ಡೂ ಬೇಡ, ಯಾರ ಅಪ್ಪಣೆಯೂ ಬೇಡ.