ಐಡಿಯಲ್ ಕಣ್ಕಟ್ಟಲ್ಲ

‘ಅಪವರ್ತನದ ಅನನ್ಯತೆ ಕೆಟ್ಟಾಗ ಗಣಿತಜ್ಞರು ಐಡಿಯಲ್ ಎಂಬ ಹೆಸರಿಟ್ಟು ಹುಳುಕು ಮುಚ್ಚಿದರು’ ಎಂಬ ವಾದ ಲೆಕ್ಕದ ಮುಂದೆ ನಿಲ್ಲದು. √−5 ಸೇರಿಸಿದ ಪೂರ್ಣಾಂಕಗಳಲ್ಲಿ 6 = 2·3 = (1+√−5)(1−√−5); ಈ ನಾಲ್ಕೂ ಮುಂದೆ ಒಡೆಯವು, ನಿಜ. ಆದರೆ a, b ಎರಡೂ ಸಮ ಇಲ್ಲವೇ ಎರಡೂ ಬೆಸವಾಗಿರುವ a+b√−5ಗಳನ್ನೆಲ್ಲ ಒಟ್ಟುಗೂಡಿಸಿ: ಅದೇ P = (2, 1+√−5). P²ನ್ನು ಹುಟ್ಟಿಸುವವು 4, 2+2√−5, −4+2√−5. ಕೊನೆಯೆರಡರ ವ್ಯತ್ಯಾಸ 6. ಅದರಲ್ಲಿ 4 ಕಳೆದರೆ 2. ಮೂರೂ 2ರ ಗುಣಕಗಳೇ ಆದ್ದರಿಂದ P² = (2). ಹೀಗೆಯೇ Q = (3, 1+√−5), Q′ = (3, 1−√−5) ಎಂದಿಟ್ಟರೆ (3) = QQ′, (1+√−5) = PQ, (1−√−5) = PQ′. ಯಾವ ದಾರಿ ಹಿಡಿದರೂ (6) = P²QQ′.

‘P ಒಂದು ಸಂಖ್ಯೆಯೇ ಅಲ್ಲವಲ್ಲ’ ಎನ್ನಬಹುದು. ಹೌದು, P ಒಂದೇ ಸಂಖ್ಯೆಯಿಂದ ಹುಟ್ಟಬೇಕಾದರೆ a²+5b² = 2 ಆಗಬೇಕು; ಅದಕ್ಕೆ ಪೂರ್ಣಾಂಕ ಪರಿಹಾರವಿಲ್ಲ. ಆದರೆ ಐಡಿಯಲ್ ಈ ಕೊರತೆಯನ್ನು ಮುಚ್ಚಿಡುವುದಿಲ್ಲ, ಅಳೆಯುತ್ತದೆ: ಇಲ್ಲಿ ವರ್ಗಸಂಖ್ಯೆ 2, ಅಂದರೆ ಒಂದೇ ಸಂಖ್ಯೆಯಿಂದ ಹುಟ್ಟದ ಯಾವ ಎರಡು ಐಡಿಯಲ್‌ಗಳನ್ನು ಗುಣಿಸಿದರೂ ಬರುವುದು ಒಂದೇ ಸಂಖ್ಯೆಯಿಂದ ಹುಟ್ಟಿದ ಐಡಿಯಲ್. ಹುಳುಕನ್ನು ಎಣಿಸಿ ಹೇಳುವುದಕ್ಕೆ ಕಣ್ಕಟ್ಟು ಎನ್ನಲಾಗದು.