ಹೆಸರು ಹಿಬಾ, ಮನಸ್ಸಿನಲ್ಲಿ ವಸಿಯ್ಯತ್

ತಂದೆಯ ಮರಣಾನಂತರ ಮನೆಯ ಬೀರುವಿನಿಂದ ಹೊರಬರುವ ಒಂದು ಕಾಗದ ನಮ್ಮ ಮೊಹಲ್ಲಾಗಳಲ್ಲಿ ಎಷ್ಟು ಕುಟುಂಬಗಳನ್ನು ಒಡೆದಿದೆ ಎಂಬುದು ಜಮಾಅತಿನ ಮುಂದೆ ನ್ಯಾಯಕ್ಕಾಗಿ ಬಂದು ಕುಳಿತವರಿಗೆ ಗೊತ್ತು. ಕಾಗದದ ತಲೆಯಲ್ಲಿ ಕೆಲವೊಮ್ಮೆ ‘ಹಿಬಾನಾಮಾ’ ಎಂದಿರುತ್ತದೆ, ಕೆಲವೊಮ್ಮೆ ‘ವಸಿಯ್ಯತ್‌ನಾಮಾ’ ಎಂದಿರುತ್ತದೆ. ಒಳಗಿನ ವಾಕ್ಯ ಮಾತ್ರ ಬಹುಪಾಲು ಒಂದೇ: ‘ನಾನು ಬದುಕಿರುವ ತನಕ ಈ ಮನೆ ನನ್ನದು, ನನ್ನ ನಂತರ ನನ್ನ ಇಬ್ಬರು ಗಂಡುಮಕ್ಕಳಿಗೆ ಸೇರತಕ್ಕದ್ದು.’ ಹೆಣ್ಣುಮಗಳ ಹೆಸರು ಅದರಲ್ಲಿ ಇರುವುದಿಲ್ಲ. ಪತ್ನಿಯ ಹೆಸರೂ ಇರುವುದಿಲ್ಲ.

ಈ ವಾಕ್ಯ ಶರೀಅತ್ತಿನ ದೃಷ್ಟಿಯಲ್ಲಿ ಹಿಬಾವೂ ಅಲ್ಲ, ಊರ್ಜಿತವಾಗುವ ವಸಿಯ್ಯತ್ತೂ ಅಲ್ಲ. ತಲೆಬರಹ ಬದಲಿಸಿದರೆ ಅದರ ಸ್ವಭಾವ ಬದಲಾಗುವುದಿಲ್ಲ. ಹೀಗಿದ್ದೂ ನಮ್ಮ ಹಿರಿಯರು, ಅವರಿಗೆ ಕಾಗದ ಬರೆದುಕೊಡುವವರು, ಸಾಕ್ಷಿಗೆ ಕರೆದಾಗ ಹೋಗಿ ಸಹಿ ಹಾಕಿ ಬರುವ ನಾವೆಲ್ಲರೂ ಇದನ್ನೇ ಬರೆಸುತ್ತಿದ್ದೇವೆ.

ಮೊದಲು ವಸಿಯ್ಯತ್ತನ್ನು ನೋಡೋಣ. ಸಅದ್ ಬಿನ್ ಅಬೀ ವಕ್ಕಾಸ್(ರ) ಅವರು ತಮ್ಮ ಸಂಪತ್ತನ್ನೆಲ್ಲ ವಸಿಯ್ಯತ್ ಮಾಡಬಯಸಿದಾಗ ಪ್ರವಾದಿ(ಸ)ರು ಮೂರನೆಯ ಒಂದಂಶಕ್ಕೆ ಮಾತ್ರ ಅನುಮತಿಸಿದರು, ಅದೂ ಅಧಿಕವೇ ಎಂದರು. ಎರಡನೆಯ ಮಿತಿ ಇದಕ್ಕಿಂತ ಕಟ್ಟುನಿಟ್ಟಾದುದು. ವಾರೀಸುದಾರನಿಗೆ ವಸಿಯ್ಯತ್ ಇಲ್ಲವೆಂದು ಪ್ರವಾದಿ(ಸ)ರು ಸ್ಪಷ್ಟಪಡಿಸಿದ್ದಾರೆ. ಅಲ್ಲಾಹನು ಸೂರಃ ಅನ್ನಿಸಾದ 11 ಮತ್ತು 12ನೆಯ ಸೂಕ್ತಗಳಲ್ಲಿ ಪಾಲುಗಳನ್ನು ತಾನೇ ಗೊತ್ತುಪಡಿಸಿದ ಮೇಲೆ ಅದನ್ನು ತಿದ್ದುವ ಅಧಿಕಾರ ತಂದೆಗೆ ಉಳಿದಿಲ್ಲ. ಮಗನ ಪರವಾಗಿ ಬರೆದ ವಸಿಯ್ಯತ್ತಿಗೆ ಜೀವ ಬರುವುದು ಉಳಿದ ವಾರೀಸುದಾರರು ಒಪ್ಪಿದಾಗ ಮಾತ್ರ. ಹನಫೀ ಫಿಕ್‌ಹಿನಂತೆ ಆ ಒಪ್ಪಿಗೆಯನ್ನು ತಂದೆಯ ಮರಣದ ನಂತರವೇ ನೀಡಬೇಕು. ತಂದೆ ಬದುಕಿರುವಾಗ ಮಗಳನ್ನು ಕರೆಸಿ ‘ನನ್ನ ಅಭ್ಯಂತರವಿಲ್ಲ’ ಎಂದು ಸಹಿ ಹಾಕಿಸಿಕೊಳ್ಳುವ ರೂಢಿ ಇದೆಯಲ್ಲ, ಆ ಸಹಿ ವಸಿಯ್ಯತ್ತನ್ನು ಉಳಿಸುವುದಿಲ್ಲ. ಆಕೆಗೆ ಇನ್ನೂ ಹುಟ್ಟಿಯೇ ಇರದ ಹಕ್ಕನ್ನು ಆಕೆ ಬಿಟ್ಟುಕೊಡುವುದಾದರೂ ಹೇಗೆ?

ಲೆಕ್ಕ ಹಾಕಿ ನೋಡಿ. ಒಬ್ಬ ವ್ಯಕ್ತಿ ಪತ್ನಿ, ಇಬ್ಬರು ಗಂಡುಮಕ್ಕಳು ಮತ್ತು ಒಬ್ಬ ಹೆಣ್ಣುಮಗಳನ್ನು ಬಿಟ್ಟು ಹೋದನೆಂದುಕೊಳ್ಳೋಣ. ಆತನ ತಂದೆತಾಯಿ ಮೊದಲೇ ತೀರಿಕೊಂಡಿದ್ದಾರೆ. ಅಂತ್ಯಸಂಸ್ಕಾರದ ವೆಚ್ಚ ಮತ್ತು ಸಾಲಗಳನ್ನು ತೀರಿಸಿದ ಬಳಿಕ (ಪತ್ನಿಗೆ ಕೊಡದೆ ಬಾಕಿಯಿಟ್ಟ ಮಹರ್ ಕೂಡ ಸಾಲವೇ ಎಂಬುದನ್ನು ಮರೆಯಬಾರದು) 80 ಲಕ್ಷ ರೂಪಾಯಿ ಬೆಲೆಯ ಮನೆಯೊಂದು ಉಳಿದಿದೆ. ಪತ್ನಿಗೆ ಎಂಟನೆಯ ಒಂದಂಶ, ಅಂದರೆ 10 ಲಕ್ಷ. ಉಳಿದ 70 ಲಕ್ಷದಲ್ಲಿ ಗಂಡುಮಕ್ಕಳಿಗೆ ತಲಾ 28 ಲಕ್ಷ, ಮಗಳಿಗೆ 14 ಲಕ್ಷ. ಬೀರುವಿನಿಂದ ಹೊರಬಂದ ಕಾಗದದಲ್ಲಿ ಮನೆಯೆಲ್ಲ ಗಂಡುಮಕ್ಕಳಿಗೆ ಎಂದು ಬರೆದಿದ್ದರೂ ತಾಯಿ ಮತ್ತು ಮಗಳು ಒಪ್ಪದಿದ್ದರೆ ಈ ಅಂಕಿಗಳಲ್ಲಿ ಒಂದು ರೂಪಾಯಿಯೂ ಆಚೀಚೆಯಾಗುವುದಿಲ್ಲ. ಆ ಕಾಗದದ ಫಲವೆಂದರೆ ಅಣ್ಣತಮ್ಮಂದಿರ ಮನಸ್ಸಿನಲ್ಲಿ ‘ಅಪ್ಪ ನಮಗೆ ಕೊಟ್ಟದ್ದನ್ನು ತಂಗಿ ಕಸಿದುಕೊಂಡಳು’ ಎಂಬ ವಿಷ ಬಿತ್ತಿದ್ದು ಮಾತ್ರ.

ಇದನ್ನರಿತ ಕೆಲವರು ವಸಿಯ್ಯತ್ ಬೇಡ, ಹಿಬಾ ಮಾಡೋಣ ಎನ್ನುತ್ತಾರೆ. ಹಿಬಾಕ್ಕೆ ಮೂರನೆಯ ಒಂದಂಶದ ಮಿತಿ ಇಲ್ಲ, ವಾರೀಸುದಾರನಿಗೂ ಕೊಡಬಹುದು. ಈ ಮಾತು ನಿಜವೇ. ಆದರೆ ಹಿಬಾ ಪೂರ್ಣವಾಗಲು ಮೂರು ಸಂಗತಿಗಳು ಬೇಕು: ಕೊಟ್ಟೆನೆಂಬ ಘೋಷಣೆ, ಪಡೆದೆನೆಂಬ ಸ್ವೀಕಾರ, ಸೊತ್ತಿನ ಸ್ವಾಧೀನದ ಹಸ್ತಾಂತರ. ನಮ್ಮವರು ಎಡವುವುದು ಮೂರನೆಯದರಲ್ಲಿ. ‘ನನ್ನ ನಂತರ ನಿನ್ನದು’ ಎಂಬುದು ಹಿಬಾ ಅಲ್ಲವೇ ಅಲ್ಲ. ಭವಿಷ್ಯದಲ್ಲಿ ಜಾರಿಗೆ ಬರಲಿರುವ ಹಿಬಾ ಅಸಿಂಧು. ‘ಇಂದೇ ಕೊಟ್ಟೆ’ ಎಂದು ಬರೆಸಿ, ಖಾತೆ ತನ್ನ ಹೆಸರಿನಲ್ಲೇ ಇಟ್ಟುಕೊಂಡು, ಮೇಲಂತಸ್ತಿನ ಬಾಡಿಗೆಯನ್ನು ತಾನೇ ಪಡೆಯುತ್ತ, ಕಂದಾಯವನ್ನು ತಾನೇ ಕಟ್ಟುತ್ತ ಹತ್ತು ವರ್ಷ ಕಳೆದವನು ಏನನ್ನು ಕೊಟ್ಟಂತಾಯಿತು?

ಇಲ್ಲಿ ಕಾನೂನಿನ ಒಂದು ಸೌಲಭ್ಯವೇ ನಮ್ಮನ್ನು ದಾರಿತಪ್ಪಿಸಿದೆ. ಸ್ವತ್ತು ವರ್ಗಾವಣೆ ಕಾಯ್ದೆಯ 129ನೆಯ ಕಲಮು ಮುಸ್ಲಿಮರ ಹಿಬಾದ ನಿಯಮಗಳನ್ನು ಹಾಗೆಯೇ ಉಳಿಸಿಕೊಟ್ಟಿದೆ. ಹಿಬಾವನ್ನು ಬರೆದಿಟ್ಟ ಮಾತ್ರಕ್ಕೆ ನೋಂದಣಿ ಕಡ್ಡಾಯವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು. ಇದನ್ನು ನಮ್ಮ ಜನ ‘ಬಾಯಿಮಾತೇ ಸಾಕು’ ಎಂದು ಅರ್ಥೈಸಿಕೊಂಡರು. ನೋಂದಣಿ ಬೇಡವೆಂದರೆ ಸ್ವಾಧೀನ ಬೇಡವೆಂದು ಅರ್ಥವಲ್ಲ, ಸ್ವಾಧೀನದ ಪುರಾವೆಯ ಭಾರ ಇನ್ನಷ್ಟು ಹೆಚ್ಚಾಯಿತೆಂದು ಅರ್ಥ. ಕಲಬುರಗಿ ಜಿಲ್ಲೆಯ ಜಮೀನೊಂದರ ವಿಷಯದಲ್ಲಿ, ದಶಕಗಳ ಹಿಂದೆ ತಾಯಿ ಬಾಯಿಮಾತಿನ ಹಿಬಾ ಮಾಡಿದ್ದಳೆಂಬ ವಾದವನ್ನು ಸುಪ್ರೀಂ ಕೋರ್ಟ್ 2025ರಲ್ಲಿ ತಳ್ಳಿಹಾಕಿದ್ದೂ ಸ್ವಾಧೀನ ಸಾಬೀತಾಗಲಿಲ್ಲವೆಂಬ ಕಾರಣಕ್ಕೇ. ನೋಂದಾಯಿಸಿದ ಪತ್ರವಾದರೂ ಸ್ವಾಧೀನವಿಲ್ಲದಿದ್ದರೆ ಶರೀಅತ್ತಿನ ಹಿಬಾ ಆಗುವುದಿಲ್ಲ. ಮಗ ತಂದೆಯೊಂದಿಗೆ ಅದೇ ಮನೆಯಲ್ಲಿ ವಾಸವಿದ್ದರೆ ತಂದೆ ಗಂಟುಮೂಟೆ ಕಟ್ಟಿಕೊಂಡು ಹೊರನಡೆಯಬೇಕೆಂದು ನ್ಯಾಯಾಲಯಗಳು ಹೇಳುವುದಿಲ್ಲ. ಆದರೆ ಒಡೆತನ ದಾಟಿತೆಂಬುದು ಖಾತೆ, ಕಂದಾಯದ ರಸೀದಿ, ಬಾಡಿಗೆ ಯಾರ ಕೈಗೆ ಹೋಗುತ್ತದೆ ಎಂಬಂಥ ನಡೆಗಳಲ್ಲಿ ಕಾಣಬೇಕು.

ಕೊನೆಗಾಲದ ಹಿಬಾ ಇನ್ನೊಂದು ವಂಚನೆ. ಆಸ್ಪತ್ರೆಯ ಹಾಸಿಗೆಯಲ್ಲಿ, ಮರಣವನ್ನು ತರುವ ಕಾಯಿಲೆಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ ಹಿಬಾಕ್ಕೆ ‘ಮರ್ಝುಲ್ ಮೌತ್’ನ ನಿಯಮ ಅನ್ವಯಿಸುತ್ತದೆ. ಅದು ವಸಿಯ್ಯತ್ತಿನ ಮಿತಿಗಳಿಗೆ ಒಳಪಡುತ್ತದೆ. ಅಂದರೆ ವಾರೀಸುದಾರನಾದ ಮಗನಿಗೆ ಕೊಟ್ಟಿದ್ದರೆ ಮತ್ತೆ ಉಳಿದವರ ಒಪ್ಪಿಗೆಯ ಬಾಗಿಲಿಗೇ ಬಂದು ನಿಲ್ಲಬೇಕು.

ಇನ್ನು ಎಲ್ಲ ಷರತ್ತುಗಳೂ ಪೂರ್ಣಗೊಂಡ, ನ್ಯಾಯಾಲಯದಲ್ಲೂ ನಿಲ್ಲುವ ಹಿಬಾವನ್ನು ನೋಡೋಣ. ತಂದೆ ಆರೋಗ್ಯವಂತ, ಪತ್ರ ನೋಂದಣಿಯಾಗಿದೆ, ಖಾತೆ ಬದಲಾಗಿದೆ, ಎಲ್ಲವೂ ಗಂಡುಮಕ್ಕಳಿಗೆ. ಭಾರತದ ಯಾವ ನ್ಯಾಯಾಧೀಶನೂ ಇದನ್ನು ಅನ್ಯಾಯವೆಂಬ ಒಂದೇ ಕಾರಣಕ್ಕೆ ರದ್ದುಪಡಿಸಲಾರ. ಆದರೆ ನುಅಮಾನ್ ಬಿನ್ ಬಶೀರ್(ರ) ಅವರ ಹದೀಸನ್ನು ನೆನಪಿಸಿಕೊಳ್ಳಿ. ಅವರ ತಂದೆ ಅವರೊಬ್ಬರಿಗೆ ಉಡುಗೊರೆಯೊಂದನ್ನು ಕೊಟ್ಟಾಗ, ಪ್ರವಾದಿ(ಸ)ರನ್ನು ಸಾಕ್ಷಿಯಾಗಿಸದ ಹೊರತು ತೃಪ್ತಳಾಗೆನೆಂದು ತಾಯಿ ಹೇಳಿದರು. ಪ್ರವಾದಿ(ಸ)ರು ಕೇಳಿದ್ದು ಒಂದೇ ಪ್ರಶ್ನೆ: ಎಲ್ಲ ಮಕ್ಕಳಿಗೂ ಇದೇ ರೀತಿ ಕೊಟ್ಟಿರುವೆಯಾ? ಇಲ್ಲವೆಂದಾಗ ಅನ್ಯಾಯಕ್ಕೆ ಸಾಕ್ಷಿಯಾಗಲು ಅವರು ನಿರಾಕರಿಸಿದರು. ತಂದೆ ಆ ಉಡುಗೊರೆಯನ್ನು ಹಿಂಪಡೆದರು. ಬುಖಾರಿ ಮತ್ತು ಮುಸ್ಲಿಮ್‌ನಲ್ಲಿರುವ ಈ ಹದೀಸ್ ನಮ್ಮ ಮದುವೆ ಸಭೆಗಳಲ್ಲಿ, ಜುಮುಅದ ಖುತ್ಬಾಗಳಲ್ಲಿ ಎಷ್ಟು ವಿರಳವಾಗಿ ಕೇಳಿಬರುತ್ತದೆ! ಪ್ರವಾದಿ(ಸ)ರು ಸಾಕ್ಷಿಯಾಗಲು ಒಪ್ಪದ ಕಾಗದಕ್ಕೆ ನಾವು ಚಹಾ ಕುಡಿದು ಸಹಿ ಹಾಕಿ ಬರುತ್ತೇವೆ.

ಜೀವಿತಾವಧಿಯ ಹಿಬಾದಲ್ಲಿ ಗಂಡು ಹೆಣ್ಣೆನ್ನದೆ ಸಮನಾಗಿ ಕೊಡಬೇಕೆಂಬುದು ಹೆಚ್ಚಿನ ಫಕೀಹರ ನಿಲುವು. ವಾರೀಸಿನಂತೆ ಎರಡಕ್ಕೆ ಒಂದರ ಪ್ರಮಾಣದಲ್ಲಿ ಕೊಡಬೇಕೆಂದು ಹಂಬಲೀ ಮದ್‌ಹಬ್ ಹೇಳುತ್ತದೆ. ಮಗಳಿಗೆ ಸೊನ್ನೆ ಎಂಬ ಮೂರನೆಯ ಮದ್‌ಹಬ್ ಇಲ್ಲ.

‘ಮಗಳಿಗೆ ಮದುವೆಯಲ್ಲಿ ಕೊಟ್ಟಾಗಿದೆ’ ಎಂಬುದು ಸಿದ್ಧ ಉತ್ತರ. ಕೊಟ್ಟದ್ದು ಯಾರಿಗೆ? ಛತ್ರದವನಿಗೆ, ಬಿರಿಯಾನಿಗೆ, ಅಳಿಯನ ಬೈಕಿಗೆ. ಆ ಲೆಕ್ಕ ಬರೆಯುವುದಾದರೆ ಮಗನ ಇಂಜಿನಿಯರಿಂಗ್ ಶುಲ್ಕವನ್ನೂ ಆತನ ಗಲ್ಫ್ ವೀಸಾಕ್ಕೆ ಕಟ್ಟಿದ ಹಣವನ್ನೂ ಅದೇ ಪುಟದಲ್ಲಿ ಬರೆಯಬೇಕಾಗುತ್ತದೆ.

ಇದಕ್ಕಿಂತ ತೂಕವುಳ್ಳ ಇನ್ನೊಂದು ವಾದವಿದೆ, ಅದನ್ನು ತಳ್ಳಿಹಾಕಲಾಗದು. ಹಿರಿಯ ಮಗ ಹದಿನೈದು ವರ್ಷ ದುಬೈಯಲ್ಲಿ ದುಡಿದು ಕಳಿಸಿದ ಹಣದಿಂದಲೇ ತಂದೆಯ ಹೆಸರಿನ ಮನೆ ಎದ್ದಿದೆ. ಆತನಿಗೆ ಏನೂ ವಿಶೇಷವಿಲ್ಲವೇ? ಆತನಿಗೆ ಸಲ್ಲಬೇಕಾದದ್ದು ಹಿಬಾ ಅಲ್ಲ, ಅವನ ಹಕ್ಕು. ಕಳಿಸಿದ ಹಣ ಮನೆವಾರ್ತೆಗೆ ನೀಡಿದ ಕೊಡುಗೆಯೋ, ತಂದೆಗೆ ಕೊಟ್ಟ ಸಾಲವೋ, ಕಟ್ಟಡದಲ್ಲಿ ಹೂಡಿದ ಪಾಲೋ ಎಂಬುದನ್ನು ಹಣ ಕಳಿಸುವ ಕಾಲದಲ್ಲೇ ಇತ್ಯರ್ಥಪಡಿಸಿ ಬರೆದಿಡಬೇಕು. ಸಾಲವೆಂದಾದರೆ ಅದು ವಾರೀಸಿನ ವಿಭಜನೆಗಿಂತ ಮೊದಲೇ ತೀರುತ್ತದೆ, ತಂಗಿ ಅದನ್ನು ಪ್ರಶ್ನಿಸಲಾರಳು. ಹಾಸಿಗೆ ಹಿಡಿದ ಮೇಲೆ ‘ಇಷ್ಟು ಲಕ್ಷ ಮಗನಿಗೆ ಕೊಡಬೇಕು’ ಎಂದು ತಂದೆ ಒಪ್ಪಿಕೊಂಡರೆ ಹನಫೀ ಫಿಕ್‌ಹ್ ಅದನ್ನೂ ಸಂಶಯದಿಂದಲೇ ನೋಡುತ್ತದೆ.

ಹಾಗಾದರೆ ಬದುಕಿರುವಾಗಲೇ ಕೊಡಬಯಸುವವರು ಏನು ಮಾಡಬೇಕು? ನಾವು ಮೇಲೆ ಕಂಡ ತಂದೆಗೆ ಮನೆಯ ಜೊತೆ ಮೂರು ಎಕರೆ ಜಮೀನೂ ಇದೆಯೆಂದುಕೊಳ್ಳಿ. ಮೂವರು ಮಕ್ಕಳಿಗೂ ತಲಾ ಒಂದೊಂದು ಎಕರೆ ಕೊಡಲಿ. ವಿಭಜಿಸಬಹುದಾದ ಸೊತ್ತನ್ನು ವಿಭಜಿಸದೆ ಕೊಟ್ಟರೆ ಹನಫೀಯರಲ್ಲಿ ‘ಮುಶಾಅ್’ನ ದೋಷ ತಗಲುವುದರಿಂದ ಮೊದಲು ಅಳತೆ ಮಾಡಿಸಿ, ನಕ್ಷೆ ಪಡೆದು, ಪ್ರತ್ಯೇಕ ಗಡಿ ಗುರುತಿಸಲಿ. ಬಳಿಕ ಮೂರು ಪ್ರತ್ಯೇಕ ದಾನಪತ್ರಗಳನ್ನು ನೋಂದಾಯಿಸಲಿ. ಕುಟುಂಬದೊಳಗಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ಬಹಳ ಕಡಿಮೆ. ಪಹಣಿಯಲ್ಲಿ ಮಕ್ಕಳ ಹೆಸರು ಬರಲಿ, ಆ ವರ್ಷದ ಬೆಳೆ ಅವರ ಕೈಸೇರಲಿ. ಮನೆಯನ್ನು ಮಾತ್ರ ತನ್ನ ಹೆಸರಿನಲ್ಲೇ ಉಳಿಸಿಕೊಳ್ಳಲಿ. ತನ್ನ ತಲೆಯ ಮೇಲೊಂದು ಸೂರು, ತನ್ನ ನಂತರ ಪತ್ನಿಗೆ ಎಂಟನೆಯ ಪಾಲು, ಎರಡೂ ಉಳಿಯುತ್ತವೆ.

ಎಲ್ಲವನ್ನೂ ಕೊಟ್ಟು ಬೀದಿಗೆ ಬಿದ್ದ ಹೆತ್ತವರನ್ನು ನಾವು ಕಂಡಿದ್ದೇವೆ. ಹನಫೀ ಫಿಕ್‌ಹಿನಲ್ಲಿ ಸ್ವಾಧೀನ ಕೊಟ್ಟ ಮೇಲೆ ಮಕ್ಕಳಿಂದ ಹಿಬಾವನ್ನು ಹಿಂಪಡೆಯಲಾಗದು. ನಮ್ಮ ಕರಾವಳಿಯ ಬ್ಯಾರಿ, ನವಾಯತ್ ಕುಟುಂಬಗಳು ಅನುಸರಿಸುವ ಶಾಫಿಈ ಮದ್‌ಹಬಿನಲ್ಲಿ ತಂದೆಗೆ ಆ ಅವಕಾಶವಿದೆ, ಅದೂ ಸೊತ್ತು ಮಗನ ಒಡೆತನದಲ್ಲೇ ಇರುವ ತನಕ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೆಯ ಕಲಮಿನಂತೆ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಮಕ್ಕಳು ನೋಡಿಕೊಳ್ಳದಿದ್ದಾಗ, ಹಿಂಪಡೆಯಲು ನ್ಯಾಯಮಂಡಳಿಗೆ ಮೊರೆಹೋಗಬಹುದು. ಆ ಷರತ್ತು ಪತ್ರದಲ್ಲೇ ಇದ್ದರೆ ವಾದಕ್ಕೆ ಎಡೆ ಕಡಿಮೆ. ಇಷ್ಟಾದರೂ ಮನಸ್ಸಿನಲ್ಲಿ ಭಯವಿದ್ದರೆ ಕೊಡದಿರುವುದೇ ಮೇಲು. ಜೀವಿತಾವಧಿಯಲ್ಲಿ ಆಸ್ತಿ ಹಂಚಲೇಬೇಕೆಂದು ಶರೀಅತ್ತು ಯಾರನ್ನೂ ಕೇಳಿಲ್ಲ.

ವಸಿಯ್ಯತ್ ನಿಜವಾಗಿ ಅಗತ್ಯವಿರುವ ಕಡೆ ಮಾತ್ರ ಅದನ್ನು ಬರೆಯುವವರಿಲ್ಲ. ತಂದೆಗಿಂತ ಮೊದಲೇ ಮಗನೊಬ್ಬ ತೀರಿಕೊಂಡರೆ, ಬೇರೆ ಗಂಡುಮಕ್ಕಳು ಇರುವಾಗ ಆ ಅನಾಥ ಮೊಮ್ಮಕ್ಕಳಿಗೆ ಅಜ್ಜನ ಆಸ್ತಿಯಲ್ಲಿ ವಾರೀಸು ಪಾಲಿಲ್ಲ. ಅವರು ವಾರೀಸುದಾರರಲ್ಲದ ಕಾರಣದಿಂದಲೇ ಅವರಿಗೆ ಮೂರನೆಯ ಒಂದಂಶದೊಳಗೆ ವಸಿಯ್ಯತ್ ಮಾಡುವುದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. 80 ಲಕ್ಷದ ಆ ಮನೆಯಲ್ಲಿ 26 ಲಕ್ಷದಷ್ಟನ್ನು ಸತ್ತ ಮಗನ ಮಕ್ಕಳಿಗೆ ಬರೆದಿಡಲು ಅಜ್ಜನಿಗೆ ಬೇಕಾದದ್ದು ಒಂದು ಹಾಳೆ ಕಾಗದ ಮತ್ತು ಇಬ್ಬರು ಸಾಕ್ಷಿಗಳು. ಗಂಡುಮಕ್ಕಳಿಗಾಗಿ ಮೂರು ಮೂರು ಕಾಗದ ಬರೆಸಿದ ಅಜ್ಜಂದಿರ ಬೀರುವಿನಲ್ಲಿ ಈ ಒಂದು ಹಾಳೆ ಇರುವುದಿಲ್ಲ.